ಪತ್ನಿಯ ಶಸ್ತ್ರಚಿಕಿತ್ಸೆಯ ಸಲುವಾಗಿ ರಜೆ ಕೋರಿ ಮನವಿ

ದಿನಾಂಕ: 27 ಮೇ 2025

ಇವರಿಂದ:
ರಾಘವೇಂದ್ರ
ಲೆಕ್ಕಪತ್ರ ವಿಭಾಗ

ಇವರಿಗೆ:
ಸಂಸ್ಥೆಯ ಮಾಲೀಕರು

ಮಾನ್ಯರೇ,

ವಿಷಯ: ಪತ್ನಿಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಜೊತೆಗಿರಲು 10 ಜೂನ್‌ನಿಂದ 17 ಜೂನ್ 2025ರವರೆಗೆ ರಜೆ ಕೋರಿ.

ನನ್ನ ಪತ್ನಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು ಬೆಳೆದಿದ್ದು, ಸುಮಾರು ಒಂದು ವರ್ಷದಿಂದ ಅತಿಯಾದ ರಕ್ತಸ್ರಾವದಿಂದ ಬಳಲುತ್ತಿದ್ದಾಳೆ. ಮಾತ್ರೆಗಳಿಂದ ಗುಣ ಕಾಣದ ಕಾರಣ, ಹೊಟ್ಟೆಯನ್ನು ಕೊಯ್ದು ಗರ್ಭಕೋಶವನ್ನು ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ರಕ್ತದಲ್ಲಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿದ್ದುದರಿಂದ ಆಗ ಶಸ್ತ್ರಚಿಕಿತ್ಸೆ ಮಾಡುವುದು ಕ್ಷೇಮವಲ್ಲವೆಂದು ಕಬ್ಬಿಣಾಂಶದ ಚುಚ್ಚುಮದ್ದು ಕೊಟ್ಟು ಕಾದಿದ್ದರು. ಈಗ ಅದು 10.6ಕ್ಕೆ ಏರಿದ್ದು, 11 ಜೂನ್, ಬುಧವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಹಿಂದಿನ ದಿನವೇ ದಾಖಲಾಗಬೇಕು. ಈ ವಿವರಗಳನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇವು ತಮ್ಮಲ್ಲಿಯೇ ಉಳಿಯಲೆಂದು ವಿನಂತಿ.

ಎಲ್ಲವೂ ಸರಿಯಾಗಿ ನಡೆದರೆ 14 ಅಥವಾ 15ರಂದು ಮನೆಗೆ ಕಳುಹಿಸುವುದಾಗಿ ವೈದ್ಯರು ತಿಳಿಸಿದ್ದಾರೆ. ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತು ರಕ್ತ ತರಿಸುವುದಕ್ಕೋ ಮತ್ತೊಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಕ್ಕೋ ಯಾವ ಕ್ಷಣದಲ್ಲಾದರೂ ಕರೆಯಬಹುದಾದ್ದರಿಂದ ಮನೆಯವರೊಬ್ಬರು ಹೊರಗೆ ಕಾದಿರಲೇಬೇಕು. ಮೊದಲ ರಾತ್ರಿ ಅವಳಿಗೆ ಮಗ್ಗುಲು ಬದಲಿಸಲೂ ಆಸರೆ ಬೇಕಾಗುತ್ತದೆ, ಮತ್ತು ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಮಾರನೆಯ ದಿನವೇ ಹಾಸಿಗೆಯಿಂದ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಗ ಹೊಲಿಗೆಯ ನೋವಿನಲ್ಲಿ ಅವಳು ಹಿಡಿದುಕೊಳ್ಳುವ ಕೈ ನನ್ನದಾಗಿರಬೇಕೆಂಬುದು ನನ್ನ ಆಸೆ. ಎಂಟು ವರ್ಷದ ಮಗಳನ್ನು ನೋಡಿಕೊಳ್ಳಲು ಅತ್ತೆಯವರು ಬರುತ್ತಾರೆ, ಆದರೆ ಅವರಿಗೆ ಆಸ್ಪತ್ರೆಯಲ್ಲಿ ರಾತ್ರಿ ಉಳಿಯುವಷ್ಟು ಶಕ್ತಿಯಿಲ್ಲ.

ಕಳೆದ ಮಾರ್ಚ್‌ನಲ್ಲಿ ತಪಾಸಣೆಗೆ ಹೋದ ದಿನ ನಾನು ವರ್ಷಾಂತ್ಯದ ಲೆಕ್ಕ ಮುಗಿಸಿ ಹೋಗುವಷ್ಟರಲ್ಲಿ, ಅವಳು ವರದಿಯ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಮೂರು ಗಂಟೆ ಒಬ್ಬಳೇ ಕುಳಿತಿದ್ದಳು. ಆ ದಿನ ತಾವು ನನ್ನನ್ನು ತಡೆದಿರಲಿಲ್ಲ, ರಜೆ ಕೇಳದೆ ಉಳಿದವನು ನಾನೇ. ಈ ಸಲ ಹಾಗಾಗಬಾರದೆಂದೇ ಎರಡು ವಾರ ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ಆದ್ದರಿಂದ 10 ಜೂನ್, ಮಂಗಳವಾರದಿಂದ 17 ಜೂನ್, ಮಂಗಳವಾರದವರೆಗೆ, ನಡುವಿನ ಭಾನುವಾರ ಬಿಟ್ಟು ಏಳು ದಿನಗಳ ರಜೆಯನ್ನೂ, 18ರಿಂದ 21ರವರೆಗೆ ಮಧ್ಯಾಹ್ನದವರೆಗೆ ಮಾತ್ರ ಕೆಲಸ ಮಾಡುವ ಅನುಮತಿಯನ್ನೂ ಕೊಡಬೇಕೆಂದು ಕೋರುತ್ತೇನೆ. ನನ್ನ ಖಾತೆಯಲ್ಲಿ ಐದು ದಿನಗಳ ಗಳಿಕೆ ರಜೆ ಉಳಿದಿದೆ. ಮಿಕ್ಕ ಎರಡು ದಿನಗಳನ್ನೂ, ನಾಲ್ಕು ಅರ್ಧ ದಿನಗಳನ್ನೂ ಸಂಬಳರಹಿತ ರಜೆಯೆಂದು ಪರಿಗಣಿಸಿದರೆ ನನ್ನ ಆಕ್ಷೇಪವಿಲ್ಲ. ಆರು ವಾರ ಅವಳು ಭಾರ ಎತ್ತುವಂತಿಲ್ಲವಾದರೂ, ಅಷ್ಟು ದಿನವೂ ರಜೆ ಕೇಳುವ ಉದ್ದೇಶ ನನಗಿಲ್ಲ.

ಕಚೇರಿಯಲ್ಲಿ ನಾವು ಇರುವುದೇ ಮೂವರು, ಒಬ್ಬರಿಲ್ಲದಿದ್ದರೆ ಉಳಿದವರ ಮೇಲೆ ಎಷ್ಟು ಹೊರೆ ಬೀಳುತ್ತದೆಂಬುದು ನನಗೆ ಗೊತ್ತು. ಸರಬರಾಜುದಾರರಿಗೆ 15ರಂದು ಪಾವತಿಸಬೇಕಾದ ಬಿಲ್ಲುಗಳನ್ನೆಲ್ಲ 9ರ ಸಂಜೆಯೊಳಗೆ ಪರಿಶೀಲಿಸಿ, ತಮ್ಮ ಸಹಿಗೆ ಸಿದ್ಧಪಡಿಸಿ ಇಟ್ಟಿರುತ್ತೇನೆ. ದಿನದ ನಗದು ಬರೆಯುವ ಕ್ರಮವನ್ನು ಗೋದಾಮಿನ ಸಹೋದ್ಯೋಗಿಯವರಿಗೆ ಈ ಸೋಮವಾರದಿಂದಲೇ ಹೇಳಿಕೊಡುತ್ತೇನೆ. ಅವರು ಸಂತೋಷದಿಂದ ಒಪ್ಪಿದ್ದಾರೆ. ನಗದು ಪೆಟ್ಟಿಗೆಯ ಬೀಗದಕೈಯನ್ನು ಹಣ ಎಣಿಸಿ ತೋರಿಸಿ ತಮ್ಮ ಕೈಗೇ ಒಪ್ಪಿಸುತ್ತೇನೆ. ಜೂನ್ ತಿಂಗಳ ಸಂಬಳದ ಪಟ್ಟಿಯನ್ನು ನಾನು ಮರಳಿದ ಮೇಲೆ ಮಾಡುವುದರಿಂದ ಅದಕ್ಕೆ ತೊಂದರೆಯಾಗದು.

ಶಸ್ತ್ರಚಿಕಿತ್ಸೆಯ ದಿನ ಸಂಜೆಯವರೆಗೆ ಕಚೇರಿಯ ಕರೆಗಳಿಗೆ ಉತ್ತರಿಸಲಾರೆ, ದಯವಿಟ್ಟು ಮನ್ನಿಸಬೇಕು. ಉಳಿದ ದಿನಗಳಲ್ಲಿ ಮಧ್ಯಾಹ್ನ 1ರಿಂದ 2ರ ನಡುವೆ ಫೋನಿನಲ್ಲಿ ಸಿಗುತ್ತೇನೆ. ಜ್ವರ ಬಂದರೆ, ಇಲ್ಲವೇ ಹಿಮೋಗ್ಲೋಬಿನ್ ಮತ್ತೆ ಇಳಿದರೆ ಅರಿವಳಿಕೆ ವೈದ್ಯರು ಕೊನೆಯ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು. ಹಾಗಾದರೆ ಮರುದಿನವೇ ಕೆಲಸಕ್ಕೆ ಹಾಜರಾಗಿ, ಹೊಸ ದಿನಾಂಕಕ್ಕೆ ತಕ್ಕಂತೆ ರಜೆಯನ್ನು ಬದಲಿಸಿಕೊಡಲು ಕೇಳಿಕೊಳ್ಳುತ್ತೇನೆ. ಆಸ್ಪತ್ರೆಯ ದಾಖಲಾತಿ ಚೀಟಿಯ ಪ್ರತಿಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಬಿಡುಗಡೆ ಪತ್ರವನ್ನು ಮರಳಿದ ದಿನ ಕೊಡುತ್ತೇನೆ.

ಜೊತೆಗೆ ಉಳಿಯುವವರ ಹೆಸರನ್ನು 3 ಜೂನ್ ಒಳಗೆ ಆಸ್ಪತ್ರೆಗೆ ತಿಳಿಸಬೇಕಾಗಿರುವುದರಿಂದ, ಅದಕ್ಕೂ ಮೊದಲು ತಮ್ಮ ಒಪ್ಪಿಗೆಯನ್ನು ತಿಳಿಸಿದರೆ ನನಗೂ ನನ್ನ ಪತ್ನಿಗೂ ದೊಡ್ಡ ನೆಮ್ಮದಿಯಾಗುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರಾಘವೇಂದ್ರ

ಲಗತ್ತು: ಆಸ್ಪತ್ರೆಯ ದಾಖಲಾತಿ ಚೀಟಿಯ ಪ್ರತಿ