ಮೇಘನಾ ಮದುವೆ: ಕೊಟೇಷನ್, ಕೆಲಸದ ವಿವರ ಮತ್ತು ಹಣದ ಕಂತುಗಳು

ಮೈಸೂರು, 20 ಜುಲೈ 2026

ರಾಮಚಂದ್ರ ಸರ್ ಮತ್ತು ಸುಮಿತ್ರಮ್ಮ ಅವರಿಗೆ,

ನಮಸ್ಕಾರ. ಕಳೆದ ವಾರ ನಿಮ್ಮ ಮನೆಯಲ್ಲಿ ಕೂತು ಮಾತಾಡಿದ್ದನ್ನೆಲ್ಲ ಲೆಕ್ಕಕ್ಕೆ ಇಳಿಸಿ ಕಳಿಸುತ್ತಿದ್ದೇನೆ. ನೀವು ಹೇಳಿದ್ದು ಹನ್ನೊಂದು ಲಕ್ಷ. ನಮ್ಮ ಲೆಕ್ಕ ತೆರಿಗೆ ಸೇರಿ 11,06,450 ರೂಪಾಯಿಗೆ ಬಂದಿದೆ. ಆ ಮೇಲಿನ ಆರು ಸಾವಿರ ಎಲ್ಲಿ ಇಳಿಸಬಹುದು ಅಂತ ಕೆಳಗೆ ಬರೆದಿದ್ದೇನೆ.

ಸರಸ್ವತಿಪುರಂನ ಚೌಲ್ಟ್ರಿ ನೀವೇ ಬುಕ್ ಮಾಡಿದ್ದೀರಿ. 21 ನವೆಂಬರ್ ಶನಿವಾರ ಮಧ್ಯಾಹ್ನ 2ಕ್ಕೆ ಬೀಗದ ಕೈ ಸಿಗುತ್ತದೆ. ಅಂದು ಸಂಜೆ ವರಪೂಜೆ, 7ರಿಂದ ಆರತಕ್ಷತೆ. ಭಾನುವಾರ 22ರಂದು ಬೆಳಿಗ್ಗೆ 8.45ರಿಂದ 9.40ರ ಧನುರ್ ಲಗ್ನದಲ್ಲಿ ಧಾರೆ. ಸಂಜೆ 5ಕ್ಕೆ ಛತ್ರ ಖಾಲಿ ಮಾಡಿಕೊಡಬೇಕು.

ಊಟ

ಮದುವೆ ಖರ್ಚು ಏರುವುದೂ ಇಳಿಯುವುದೂ ಎಲೆ ಲೆಕ್ಕದಲ್ಲಿ. ಅದಕ್ಕೇ ಇದನ್ನು ಮೊದಲು ಇಟ್ಟಿದ್ದೇನೆ.

ಶನಿವಾರ ಸಂಜೆ ಕಾಫಿ, ತಿಂಡಿ: 150 ಜನ, ತಲೆಗೆ 80 ರೂ. — 12,000
ಆರತಕ್ಷತೆ ಊಟ: 500 ಜನ, 450 ರೂ. — 2,25,000
ಭಾನುವಾರದ ತಿಂಡಿ: 300 ಜನ, 150 ರೂ. — 45,000
ಮುಹೂರ್ತದ ಊಟ: 600 ಎಲೆ, 420 ರೂ. — 2,52,000
ಒಟ್ಟು 5,34,000. ಶೇ. 5 ಜಿಎಸ್‌ಟಿ 26,700 ಸೇರಿ 5,60,700 ರೂ.

ಈ ಬಿಲ್ಲು ಅಡುಗೆ ಕಂಟ್ರಾಕ್ಟರರಿಂದ ನೇರ ನಿಮ್ಮ ಹೆಸರಿಗೆ ಬರುತ್ತದೆ. ನಡುವೆ ನಾವು ಕಮಿಷನ್ ಇಟ್ಟುಕೊಳ್ಳುವುದಿಲ್ಲ. ದಿನಸಿ, ತರಕಾರಿ, ಗ್ಯಾಸು, ಬಡಿಸುವವರು, ಎಲೆ ಎತ್ತುವವರು ಎಲ್ಲ ಇದರಲ್ಲೇ ಸೇರಿದೆ.

ಮುಹೂರ್ತದ ಊಟಕ್ಕೆ ಅಮ್ಮ ಹೇಳಿದಂತೆಯೇ: ಎರಡು ಕೋಸಂಬರಿ, ಎರಡು ಪಲ್ಯ, ಅನಾನಸ್ ಗೊಜ್ಜು, ಚಿತ್ರಾನ್ನ, ಆಂಬೊಡೆ, ಹಪ್ಪಳ, ಸಂಡಿಗೆ, ಹುಳಿ, ಸಾರು, ಮಜ್ಜಿಗೆಹುಳಿ, ಶಾವಿಗೆ ಪಾಯಸ, ತುಪ್ಪದ ಜೊತೆ ಹೋಳಿಗೆ, ಬಾದಾಮಿ ಹಾಲಿನ ಜೊತೆ ಚಿರೋಟಿ. ಹೋಳಿಗೆ, ಚಿರೋಟಿ ಎರಡೂ ಬೇಕಾ ಅಂತ ಇನ್ನೊಮ್ಮೆ ಯೋಚಿಸಿ. ಎರಡು ಸಿಹಿ ಹಾಕಿದರೆ ಒಂದು ಎಲೆಯಲ್ಲೇ ಉಳಿಯುತ್ತದೆ. ಚಿರೋಟಿ ಬಿಟ್ಟರೆ ಎಲೆಗೆ 20 ರೂಪಾಯಿ ಕಮ್ಮಿ, ಒಟ್ಟು 12,000 ಇಳಿಯುತ್ತದೆ. ಅಲ್ಲಿಗೆ ನಿಮ್ಮ ಹನ್ನೊಂದು ಲಕ್ಷದ ಒಳಗೇ ಬಂದ ಹಾಗಾಯಿತು.

ಆರತಕ್ಷತೆಗೆ ಬಫೆ. ಆದರೆ ವಯಸ್ಸಾದವರನ್ನು ತಟ್ಟೆ ಹಿಡಿದು ನಿಲ್ಲಿಸೋದು ಬೇಡ. ಅವರಿಗಾಗಿ ಪಕ್ಕದ ಹಾಲ್‌ನಲ್ಲಿ ಮೇಜು ಹಾಕಿ, ಎಲೆಯಲ್ಲೇ ಬಡಿಸುತ್ತೇವೆ. ಇದಕ್ಕೆ ಬೇರೆ ಚಾರ್ಜ್ ಇಲ್ಲ.

ಕೊನೆಯ ಸಂಖ್ಯೆ 12 ನವೆಂಬರ್ ಒಳಗೆ ಹೇಳಬೇಕು. ಅಲ್ಲಿಂದಾಚೆ ಎಷ್ಟೇ ಕಮ್ಮಿ ಜನ ಬಂದರೂ ಹೇಳಿದ್ದರ ಶೇ. 90ಕ್ಕೆ ಬಿಲ್ಲಾಗುತ್ತದೆ. ಶೇ. 10ರವರೆಗೆ ಜಾಸ್ತಿಯಾದರೆ ಅದೇ ದರ. ಎಲೆ ಎಣಿಸುವಾಗ ಜಗಳ ಆಗೋದು ಎಲ್ಲ ಕಡೆ ಇದ್ದದ್ದೇ. ಹಾಗಾಗಿ ಪ್ರತಿ ಪಂಕ್ತಿಗೆ ಎಲೆ ಹಾಸಿದ ಕೂಡಲೇ, ಅನ್ನ ಬೀಳುವ ಮೊದಲು, ನಮ್ಮ ಹುಡುಗ ಮತ್ತು ನಿಮ್ಮ ಮನೆಯವರೊಬ್ಬರು ಒಟ್ಟಿಗೆ ಎಣಿಸಿ ಒಂದೇ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮಕ್ಕಳ ಅರ್ಧ ಎಲೆ ಲೆಕ್ಕಕ್ಕಿಲ್ಲ. ಮದುವೆ ಗಡಿಬಿಡಿ ತಲೆಗೆ ಹತ್ತಿಸಿಕೊಳ್ಳದ ಒಬ್ಬರನ್ನು ಈ ಕೆಲಸಕ್ಕೆ ಕೊಡಿ. ಭಾವಮೈದುನರಾದರೆ ಒಳ್ಳೆಯದು, ಅಪ್ಪನಂತೂ ಬೇಡ.

ಉಳಿದ ಕೆಲಸಗಳು

ಅಲಂಕಾರ — 1,65,000
ವಾಲಗ, ಎರಡೂ ದಿನ — 30,000
ಫೋಟೋ, ವಿಡಿಯೋ, ಒಂದು ಆಲ್ಬಂ — 95,000
ಲೈಟು, ಸೌಂಡು, ಜನರೇಟರ್ — 48,000
ತಾಂಬೂಲದ ಚೀಲ, 500ಕ್ಕೆ ತಲಾ 55 ರೂ. — 27,500
ಲಾಡ್ಜಿನಿಂದ ಛತ್ರಕ್ಕೆ ಎರಡು ಟಿಟಿ ಗಾಡಿ — 22,000
ನಮ್ಮ ಉಸ್ತುವಾರಿ, ಎಂಟು ಜನರ ತಂಡ — 75,000
ಒಟ್ಟು 4,62,500. ಶೇ. 18 ಜಿಎಸ್‌ಟಿ 83,250 ಸೇರಿ 5,45,750 ರೂ.

ಅಲಂಕಾರದಲ್ಲಿ ಬರುವುದು: ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ, ಮುಂದಿನ ಚಪ್ಪರ, ಧಾರೆ ಮಂಟಪ, ಆರತಕ್ಷತೆಯ ವೇದಿಕೆ. ನವೆಂಬರ್‌ನಲ್ಲಿ ಹಿಂಗಾರು ಮಳೆ ಬಂದರೂ ಬರಬಹುದು. ಅದಕ್ಕೆ ಚಪ್ಪರದ ಮೇಲೆ ಶೀಟು ಹಾಕುವ ಖರ್ಚನ್ನೂ ಸೇರಿಸಿದ್ದೇನೆ. ಮಂಟಪಕ್ಕೆ ಮಲ್ಲಿಗೆ, ಸೇವಂತಿಗೆ, ಸುಗಂಧರಾಜ. ಮುಹೂರ್ತದ ದಿನ ಹೂವಿನ ರೇಟು ಹೇಗೆ ಜಿಗಿಯುತ್ತದೆ ಅಂತ ನಿಮಗೂ ಗೊತ್ತಲ್ವಾ. ಆದರೂ ಈ ದರ ಬದಲಾಗುವುದಿಲ್ಲ, ಅದು ನಮ್ಮ ತಲೆನೋವು. ಒಂದೇ ಶರತ್ತು: ಮಲ್ಲಿಗೆ ಸಿಗದಷ್ಟು ದುಬಾರಿಯಾದರೆ ಮಂಟಪದ ಹಿಂಬದಿಗೆ ಸುಗಂಧರಾಜ ಜಾಸ್ತಿ ಬರುತ್ತದೆ. ಮದುಮಗಳ ಜಡೆಗೂ ಹಾರಕ್ಕೂ ಮಲ್ಲಿಗೆಯೇ.

ಮೇಘನಾ ಕೇಳಿದ ಎಲ್‌ಇಡಿ ವಾಲ್ (35,000) ಮತ್ತು ಡ್ರೋನ್ (12,000) ಇದರಲ್ಲಿಲ್ಲ. ಬೇಕಿದ್ದರೆ ತೆರಿಗೆ ಸೇರಿಸಿ ಹಾಕಿಕೊಡುತ್ತೇನೆ. ನನ್ನ ಅಭಿಪ್ರಾಯ ಕೇಳಿದರೆ ಎರಡೂ ಬೇಡ. ಆ ಛತ್ರದ ಸುತ್ತ ತೆಂಗಿನ ಮರ, ಕರೆಂಟ್ ತಂತಿ. ಡ್ರೋನ್ ಹಾರಿಸಿದರೂ ಕಾಣುವುದು ಶೀಟಿನ ಛಾವಣಿ ಮಾತ್ರ.

ಧಾರೆಯ ಹೊತ್ತಿಗೆ ನಾವು ಪಾಲಿಸುವ ಎರಡು ಪದ್ಧತಿ ಹೇಳಿಬಿಡುತ್ತೇನೆ. ಅಂತರಪಟ ಹಿಡಿದಾಗ ಕ್ಯಾಮೆರಾದವರು ಜನರಿಗೆ ಬೆನ್ನು ಹಾಕಿ ಮುಂದೆ ನಿಲ್ಲುವ ಹಾಗಿಲ್ಲ. ಎರಡು ಪಕ್ಕದಲ್ಲಿ ಸ್ಟೂಲು ಹಾಕಿ ಕೊಟ್ಟಿರುತ್ತೇವೆ. ಇನ್ನು, ಪುರೋಹಿತರು ಮತ್ತು ವಾಲಗದವರ ನಡುವೆ ನಮ್ಮ ಹುಡುಗಿಯೊಬ್ಬಳು ನಿಂತಿರುತ್ತಾಳೆ. ಅವಳು ಕೈ ಎತ್ತಿದಾಗಲೇ ಗಟ್ಟಿಮೇಳ. ಜೀರಿಗೆ ಬೆಲ್ಲ, ಅಕ್ಷತೆಯ ಬಟ್ಟಲು ಅವಳ ಜವಾಬ್ದಾರಿ.

ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಅದು ಕಾನೂನು. ಆರತಕ್ಷತೆಯ ಹಾಡುಗಾರಿಕೆ 9.45ಕ್ಕೆ ನಿಲ್ಲಿಸುತ್ತೇವೆ. ನಿಮ್ಮ ತಮ್ಮನವರಿಗೆ ಈಗಲೇ ಹೇಳಿಟ್ಟಿರಿ.

ನಮ್ಮ ಲೆಕ್ಕದಲ್ಲಿ ಇಲ್ಲದ್ದು: ಛತ್ರದ ಬಾಡಿಗೆ ಮತ್ತು ಕರೆಂಟ್ ಬಿಲ್ಲು, ಲಾಡ್ಜಿನ ಬಾಡಿಗೆ, ಪುರೋಹಿತರ ದಕ್ಷಿಣೆ ಮತ್ತು ಅವರ ಪಟ್ಟಿಯ ಸಾಮಾನು, ಬಟ್ಟೆ, ಒಡವೆ, ಮೇಕಪ್, ಲಗ್ನಪತ್ರಿಕೆ. ಹಾಸನದಿಂದ ಬರುವ ಗಂಡಿನ ಕಡೆಯವರಿಗೆ ಹನ್ನೆರಡು ರೂಮು ಹುಡುಕಿ ಕಾದಿರಿಸುವುದು, ಅವರನ್ನು ಎದುರುಗೊಂಡು ಕಾಫಿ ಕೊಡಿಸುವುದು ನಮ್ಮ ಕೆಲಸ. ಬಿಲ್ಲು ಮಾತ್ರ ನಿಮ್ಮದು.

ಹಣದ ಕಂತು

ನಮಗೆ: ಒಪ್ಪಿಗೆಯ ಜೊತೆ 1,00,000. ಹೂವು, ಫೋಟೋ, ವಾಲಗದವರಿಗೆ ಮುಂಗಡ ಕೊಡಲು 10 ಅಕ್ಟೋಬರ್‌ಗೆ 1,50,000. 14 ನವೆಂಬರ್‌ಗೆ 2,00,000. ಉಳಿದ 95,750 ಮದುವೆ ಮುಗಿದು ಏಳು ದಿನದೊಳಗೆ, ಲೆಕ್ಕ ನೋಡಿದ ಮೇಲೆ.

ಅಡುಗೆಯವರಿಗೆ: ಒಪ್ಪಿಗೆಯ ಜೊತೆ 1,00,000. 16 ನವೆಂಬರ್‌ಗೆ 2,75,000. ಬಾಕಿ 1,85,700 ಭಾನುವಾರ ಕೊನೆ ಪಂಕ್ತಿ ಎದ್ದ ಮೇಲೆ. ಎಲೆ ಪುಸ್ತಕ ನೋಡಿ ಈ ಮೊತ್ತ ಹೆಚ್ಚೂ ಕಡಿಮೆ ಆಗಬಹುದು.

ಎಲ್ಲವೂ ಬ್ಯಾಂಕಿಗೋ ಯುಪಿಐಗೋ ಹಾಕಿ. ಮದುವೆ ದಿನ ನಮ್ಮ ಹುಡುಗರು ಯಾರೂ ನಿಮ್ಮ ಹತ್ತಿರ ನಗದು ಕೇಳುವುದಿಲ್ಲ. ಕೇಳಿದರೆ ಕೊಡಬೇಡಿ, ನನಗೆ ಹೇಳಿ.

ಸೂತಕ ಬಂದೋ ಇನ್ಯಾವುದೋ ಕಾರಣಕ್ಕೋ ಮುಹೂರ್ತ ಮುಂದೆ ಹೋದರೆ, ಆರು ತಿಂಗಳೊಳಗಿನ ಹೊಸ ದಿನಕ್ಕೆ ನೀವು ನಮಗೆ ಕೊಟ್ಟ ಹಣ ಪೂರ್ತಿ ಜಮೆ. ಬೇರೆಯವರಿಗೆ ಆಗಲೇ ಕೊಟ್ಟ ಮುಂಗಡದಲ್ಲಿ ಅವರು ಹಿಡಿದುಕೊಂಡಷ್ಟು ಮಾತ್ರ ಕಳೆಯುತ್ತೇವೆ, ರಸೀದಿ ತೋರಿಸಿ. ಮದುವೆಯೇ ರದ್ದಾದರೆ 10 ಅಕ್ಟೋಬರ್‌ವರೆಗೆ 25,000 ಇಟ್ಟುಕೊಂಡು ಉಳಿದದ್ದು ವಾಪಸ್. ಆಮೇಲೆ ಆದರೆ ಖರ್ಚಾದದ್ದನ್ನೂ ನಮ್ಮ ಉಸ್ತುವಾರಿಯ ಅರ್ಧವನ್ನೂ ಕಳೆದು ಕೊಡುತ್ತೇವೆ. ನಮ್ಮ ಕಡೆಯಿಂದ ಪಟ್ಟಿಯಲ್ಲಿರುವ ಯಾವುದಾದರೂ ಕೆಲಸ ಆಗದಿದ್ದರೆ ಅದರ ಹಣ ಪೂರ್ತಿ ಬಿಲ್ಲಿನಿಂದ ತೆಗೆಯುತ್ತೇವೆ.

ಈ ದರಗಳು 10 ಆಗಸ್ಟ್‌ವರೆಗೆ. ನವೆಂಬರ್ ಮುಹೂರ್ತಗಳಿಗೆ ವಾಲಗದವರು, ಅಡುಗೆಯವರು ಈಗಲೇ ತುಂಬಿಹೋಗುತ್ತಿದ್ದಾರೆ. ಒಪ್ಪಿಗೆಯಾದರೆ ವಾಟ್ಸಾಪ್‌ನಲ್ಲಿ ಒಂದು ಮಾತು ಬರೆದರೆ ಸಾಕು, ಸಹಿಯ ಕಾಗದ ನಾನೇ ತರುತ್ತೇನೆ. ಚಿರೋಟಿ ಇರಬೇಕಾ ಬೇಡವಾ ಅನ್ನೋದನ್ನೂ ಅದರಲ್ಲೇ ತಿಳಿಸಿ.

ಇಂತಿ,
ಚೈತ್ರಾ
ಮದುವೆ ಉಸ್ತುವಾರಿ, ಮೈಸೂರು