ಎರಡನೇ ತರಗತಿಯ ಕೆಲಸದ ಪಟ್ಟಿ

ಜೂನ್ 15, ಸೋಮವಾರದಿಂದ ಸೆಪ್ಟೆಂಬರ್ 5, ಶನಿವಾರದವರೆಗೆ

ಮಕ್ಕಳೇ, ನೀವು 12 ಜನ. ಕೆಲಸಗಳೂ 12. ವಾರಗಳೂ 12. ಸೆಪ್ಟೆಂಬರ್ 5ಕ್ಕೆ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಪ್ರತಿಯೊಂದು ಕೆಲಸವನ್ನೂ ಒಂದೊಂದು ವಾರ ಮಾಡಿರುತ್ತೀರಿ. "ನನಗೆ ಇದು ಬೇಡ, ಅದು ಕೊಡಿ" ಅನ್ನುವ ಹಾಗಿಲ್ಲ. ನಿಮಗೆ ಇಷ್ಟವಾದದ್ದೂ ಬಂದೇ ಬರುತ್ತದೆ, ಕಾಯಬೇಕು ಅಷ್ಟೆ.

ಕ್ಲಿಪ್ ಇಳಿಸುವುದು ಹೇಗೆ

ನಿಮ್ಮ ಹೆಸರು ಬಟ್ಟೆ ಕ್ಲಿಪ್ಪಿನ ಮೇಲಿದೆ. ಶನಿವಾರ ಕೊನೆಯ ಬೆಲ್ಲಿಗೆ ಮುಂಚೆ ಎಲ್ಲರೂ ಬಂದು ನಿಮ್ಮ ನಿಮ್ಮ ಕ್ಲಿಪ್ಪನ್ನು ಒಂದು ಮನೆ ಕೆಳಗೆ ಇಳಿಸಿ. 12ನೇ ಮನೆಯಲ್ಲಿದ್ದವರು ಮೇಲೆ ಹೋಗಿ 1ನೇ ಮನೆಗೆ ಹಾಕಿ. ಆಗ ನಿಮ್ಮ ಕೆಳಗಿನ ಹೆಸರು ಯಾರದ್ದೋ, ನಿಮ್ಮ ಹೊಸ ಕೆಲಸವನ್ನು ಹೋದ ವಾರ ಮಾಡಿದವರು ಅವರೇ. 12ನೇ ಮನೆಗೆ ಬಂದವರು 1ನೇ ಮನೆಯವರನ್ನು ನೋಡಿ. ಸೋಮವಾರ ಪಕ್ಕದಲ್ಲಿ ನಿಂತು ತೋರಿಸಿಕೊಡುವುದು ಅವರ ಜವಾಬ್ದಾರಿ. ಈ ಮೊದಲ ವಾರಕ್ಕೆ ಮಾತ್ರ ಮೂರನೇ ತರಗತಿಯ ಅಕ್ಕ, ಅಣ್ಣಂದಿರನ್ನು ಕೇಳಿ. ಹೋದ ವರ್ಷ ಇದೇ ಕೋಣೆಯಲ್ಲಿ ಅವರೇ ಮಾಡಿದ್ದಾರೆ.

1. ಎಣಿಕೆ. ಈ ವಾರ: ಕಾವೇರಿ

ಪ್ರಾರ್ಥನೆ ಮುಗಿದ ಮೇಲೆ ನಮ್ಮ ತರಗತಿಯವರನ್ನು ಎಣಿಸು. ಬಾರದವರು ಎಷ್ಟು? 12ರಿಂದ ಕಳೆದು ನೋಡು. ಗೋಡೆ ಹಲಗೆಯ ಮೇಲೆ ಬರೆ. ಆಮೇಲೆ ಕೈ ಎತ್ತಿಸಿ ಕೇಳು: ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ? ಎರಡನ್ನೂ ಕೂಡಿದರೆ ಬಂದವರ ಲೆಕ್ಕ ಸರಿಹೋಗಬೇಕು. ಸರಿಹೋಗದಿದ್ದರೆ ಇನ್ನೊಮ್ಮೆ ಎಣಿಸು, ಅವಸರವಿಲ್ಲ. ಲೆಕ್ಕದ ಚೀಟಿಯನ್ನು ಅಡುಗೆಮನೆಯ ಬಾಗಿಲಲ್ಲೇ ನಿಂತು ಅಡುಗೆ ಅಮ್ಮನ ಕೈಗೆ ಕೊಡು. ಅವರು ನಿನ್ನ ಲೆಕ್ಕ ನೋಡಿಯೇ ಮೊಟ್ಟೆ ಎಣಿಸಿಡುತ್ತಾರೆ.

2. ದಿನ ಮತ್ತು ಹವಾಮಾನ. ಈ ವಾರ: ಇಮ್ರಾನ್

ವಾರ, ದಿನಾಂಕ, ತಿಂಗಳು ಬರೆ. ಹೊರಗೆ ಹೋಗಿ ಆಕಾಶ ನೋಡಿ ಬಂದು ಹವಾಮಾನ ನಕ್ಷೆಯಲ್ಲಿ ಚಿತ್ರ ಹಾಕು. ಕಿಟಕಿಯಿಂದ ನೋಡಿದರೆ ಸಾಲದು. ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನ ಮಳೆ ಬಂದರೆ ಎರಡನ್ನೂ ಬರೆಯಬಹುದು.

3. ಹಾಲಿನ ಲೋಟ. ಈ ವಾರ: ತನುಶ್ರೀ

ಖಾಲಿ ಲೋಟಗಳನ್ನು ಸಾಲಾಗಿ ಇಡು. ಹಾಲು ಹುಯ್ಯುವವರು ದೊಡ್ಡವರು, ನೀನಲ್ಲ. ರಾಗಿ ಮಾಲ್ಟ್ ಇರುವ ದಿನವೂ ಅಷ್ಟೆ. ಎಲ್ಲರಿಗೂ 150 ಮಿಲಿ, ಅಂದರೆ ನಮ್ಮ ಲೋಟದ ಗೆರೆಯವರೆಗೆ. ಕುಡಿದ ಮೇಲೆ ತೊಳೆದ ಲೋಟಗಳನ್ನು ಬೋರಲು ಹಾಕಿಸಿ ಎಣಿಸು. ಒಂದು ಕಡಿಮೆ ಬಂದರೆ ಬೆಂಚಿನ ಕೆಳಗೆ ನೋಡು, ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

4. ಸೋಪು. ಈ ವಾರ: ಸಿದ್ದರಾಜು

ಊಟಕ್ಕೆ ಮುಂಚೆ ನಲ್ಲಿಯ ಹತ್ತಿರ ಸೋಪು ಇದೆಯೇ ನೋಡು. ಎಲ್ಲರೂ ಅಂಗೈ, ಮುಂಗೈ, ಬೆರಳ ಸಂದಿ, ಉಗುರು ಉಜ್ಜಬೇಕು. ನೀನು 1ರಿಂದ 20ರವರೆಗೆ ನಿಧಾನವಾಗಿ ಎಣಿಸು, ಅಲ್ಲಿಯವರೆಗೂ ಉಜ್ಜುತ್ತಿರಲಿ. ಕೊನೆಗೆ ನಲ್ಲಿ ನಿಲ್ಲಿಸು.

5. ಚಾಪೆ, ತಟ್ಟೆ. ಈ ವಾರ: ನಂದಿನಿ

ಚಾಪೆ ಹಾಸು, ತಟ್ಟೆ ಹಂಚು. ಬಂದವರು ಬಂದ ಕಡೆ ಕೂರಲಿ. ಇವರ ಪಕ್ಕ ಇವರು ಬೇಡ ಎಂದು ಯಾರಾದರೂ ಅಂದರೆ ನೀನು ಜಗಳ ಆಡಬೇಡ, ನನ್ನನ್ನು ಕರೆ.

6. ಕುಡಿಯುವ ನೀರು. ಈ ವಾರ: ಪುನೀತ್

ನೀರಿನ ಡ್ರಮ್ಮಿನ ಮುಚ್ಚಳ ಯಾವಾಗಲೂ ಮುಚ್ಚಿರಬೇಕು. ಉದ್ದ ಹಿಡಿಯ ಸೌಟಿನಿಂದಲೇ ತೆಗೆ, ಲೋಟ ಅದ್ದಬೇಡ, ಕೈ ಅದ್ದಬೇಡ. ಕೇಳಿದವರಿಗೆಲ್ಲ ನೀರು ಕೊಡು. ಈ ಕೆಲಸ 12 ಜನರಿಗೂ ಬರುತ್ತದೆ, 12 ಜನರ ಕೈಯಿಂದಲೂ ಎಲ್ಲರೂ ನೀರು ಕುಡಿಯುತ್ತಾರೆ. ನಾನೂ ಕುಡಿಯುತ್ತೇನೆ. ಬೆಳಿಗ್ಗೆ ನನಗೆ ಮೊದಲ ಲೋಟ ತಂದುಕೊಡುವುದು ನಿನ್ನ ಕೆಲಸದಲ್ಲೇ ಸೇರಿದೆ.

7. ಗಿಡಗಳು. ಈ ವಾರ: ಆಯೇಷಾ

ನುಗ್ಗೆ, ಕರಿಬೇವು, ಬಸಳೆ, ಮತ್ತೆ ಬಾಗಿಲ ಹತ್ತಿರದ ದಾಸವಾಳ. ನೀರು ಹಾಕುವ ಮುಂಚೆ ಮಣ್ಣಿಗೆ ಬೆರಳು ಚುಚ್ಚಿ ನೋಡು. ಒದ್ದೆ ಇದ್ದರೆ ಬೇಡ. ಒಣಗಿದ್ದರೆ ಒಂದೊಂದಕ್ಕೂ ಒಂದು ಚೊಂಬು, ಬುಡಕ್ಕೆ ಮಾತ್ರ. ಜುಲೈಯಲ್ಲಿ ಮಳೆ ಹಿಡಿದರೆ ನೀರು ಹಾಕುವ ಕೆಲಸವೇ ಇರುವುದಿಲ್ಲ. ಆಗ ಎಲೆ ತಿರುಗಿಸಿ ಹುಳ ನೋಡು. ನುಗ್ಗೆ ಗಿಡದ ಕಂಬಳಿಹುಳವನ್ನು ಮುಟ್ಟಬೇಡ, ಮೈ ತುರಿಸುತ್ತದೆ. ಕಂಡರೆ ಹೇಳು. ಹೊಸ ಚಿಗುರೋ ಹೂವೋ ಬಂದಿದ್ದರೆ ಅದನ್ನೂ ಬಂದು ಹೇಳು. ಆ ಸುದ್ದಿಗೆ ಪಾಠ ನಿಲ್ಲಿಸಬಹುದು.

8. ಪೊರಕೆ. ಈ ವಾರ: ಚೇತನ್

ಶಾಲೆ ಬಿಡುವ ಮುಂಚೆ ಎಲ್ಲರೂ ತಮ್ಮ ಕಾಲ ಬುಡದ ಕಾಗದ, ಪೆನ್ಸಿಲ್ ಹೊಟ್ಟು ಎತ್ತಬೇಕು. ಉಳಿದ ಧೂಳನ್ನು ಮಾತ್ರ ನೀನು ಗುಡಿಸು. ಪೊರಕೆಯ ವಾರ ಹುಡುಗರಿಗೂ ಬರುತ್ತದೆ, ಹುಡುಗಿಯರಿಗೂ ಬರುತ್ತದೆ. ಗಿಡ್ಡ ಪೊರಕೆ ಬಾಗಿಲ ಹಿಂದೆ ಇದೆ, ಅದು ನಿಮ್ಮ ಅಳತೆಯದ್ದು.

9. ಪುಸ್ತಕದ ಮೂಲೆ. ಈ ವಾರ: ರಕ್ಷಿತಾ

ಕಥೆ ಪುಸ್ತಕಗಳನ್ನು ಹೆಸರು ಕಾಣುವ ಹಾಗೆ ನಿಲ್ಲಿಸು. ಹರಿದದ್ದನ್ನು ಬಚ್ಚಿಡಬೇಡ, ನನಗೆ ಕೊಡು. ಇಬ್ಬರೂ ಕೂತು ಅಂಟಿಸೋಣ. ಹರಿದವರು ಯಾರು ಎಂದು ಕೇಳುವುದಿಲ್ಲ.

10. ಬಳಪ, ಸ್ಲೇಟು, ಚಪ್ಪರ. ಈ ವಾರ: ಮಂಜುನಾಥ

ಬಳಪ ಹಂಚು, ಹಲಗೆ ಒರೆಸು. ಚಪ್ಪರದ ದಾರಕ್ಕೆ ಚಿತ್ರ ಸಿಕ್ಕಿಸುವಾಗ ಬೆಂಚು ಹತ್ತಬೇಡ, ದಾರವನ್ನು ನಾನು ಇಳಿಸಿಕೊಡುತ್ತೇನೆ.

11. ಬಾಗಿಲು, ಫ್ಯಾನು, ಚಪ್ಪಲಿ ಸಾಲು. ಈ ವಾರ: ಅನುಷಾ

ಚಪ್ಪಲಿಗಳು ಜೋಡಿ ಜೋಡಿ. ಕೋಣೆ ಬಿಡುವಾಗ ಫ್ಯಾನು, ದೀಪ ಉಳಿದಿದ್ದರೆ ನೆನಪಿಸು. ಸ್ವಿಚ್ಚು ಒತ್ತುವುದು ನಾನು.

12. ಬದಲಿ. ಈ ವಾರ: ದರ್ಶನ್

ಯಾರು ಬರಲಿಲ್ಲವೋ ಅವರ ಕೆಲಸ ನಿನ್ನದು. ಇಬ್ಬರು ಬಾರದಿದ್ದರೆ ಒಂದನ್ನು ನೀನು ಆರಿಸಿಕೋ, ಇನ್ನೊಂದನ್ನು ಬಾರದವರ ಕೆಳಗಿನ ಹೆಸರಿನವರು ಮಾಡಲಿ. ಎಲ್ಲರೂ ಬಂದಿದ್ದರೆ ಅವತ್ತಿನ ಕಥೆ ಆರಿಸುವ ಹಕ್ಕು ನಿನ್ನದು. ಹಾಗೆಂದು ಯಾರೂ ರಜೆ ಹಾಕದಿರಲಿ ಎಂದು ಮನೆಮನೆಗೆ ಹೋಗಿ ಕರೆತಂದರೂ ನನಗೆ ಸಂತೋಷವೇ.

ನೆನಪಿಡಿ

ಕೆಲಸ ಮರೆತರೆ ಕ್ಲಿಪ್ ಕಿತ್ತುಕೊಳ್ಳುವುದಿಲ್ಲ, ಬೈಯುವುದಿಲ್ಲ. ಗೆಳೆಯರು "ನಿನ್ನ ಕೆಲಸ" ಎಂದು ಮೆಲ್ಲಗೆ ನೆನಪಿಸಿದರೆ ಸಾಕು. ತಪ್ಪು ಮಾಡಿದವರಿಗೆ ಶಿಕ್ಷೆ ಎಂದು ಇಲ್ಲಿನ ಯಾವ ಕೆಲಸವನ್ನೂ ಕೊಡುವುದಿಲ್ಲ, ಪೊರಕೆಯನ್ನಂತೂ ಕೊಡುವುದೇ ಇಲ್ಲ. ನೀರು ಚೆಲ್ಲಿದರೆ ಒರೆಸುವ ಬಟ್ಟೆ ಕಿಟಕಿಯ ಸರಳಿನ ಮೇಲಿದೆ. ಚೆಲ್ಲಿದವರ ಜೊತೆ ಇನ್ನೊಬ್ಬರು ಒರೆಸಲಿ.

ಮನೆಯವರಿಗೆ

ಮಕ್ಕಳನ್ನು ಬಿಡಲು ಬಂದಾಗ ಈ ಪಟ್ಟಿಯನ್ನು ಒಮ್ಮೆ ಓದಿ. ಶೌಚಾಲಯ ತೊಳೆಯುವುದು, ಬಿಸಿ ಪಾತ್ರೆ ಎತ್ತುವುದು, ಒಲೆಯ ಹತ್ತಿರ ಹೋಗುವುದು ಇದರಲ್ಲಿಲ್ಲ, ಮುಂದೆಯೂ ಇರುವುದಿಲ್ಲ. ಯಾವ ಕೆಲಸಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಪಾಠದ ಸಮಯ ಹೋಗುವುದಿಲ್ಲ. "ನನ್ನ ಮಗನಿಗೆ ಪೊರಕೆ ಬೇಡ", "ನನ್ನ ಮಗಳಿಗೆ ಇಂಥವರ ಲೋಟ ಬೇಡ" ಎಂದು ಕೇಳಲು ಬರುವವರಿದ್ದರೆ ಬನ್ನಿ, ಕೂತು ಮಾತಾಡೋಣ. ಕ್ಲಿಪ್ ಮಾತ್ರ ತನ್ನ ಮನೆ ಬಿಟ್ಟು ಜಿಗಿಯುವುದಿಲ್ಲ. ಮಗುವಿಗೆ ಹುಷಾರಿಲ್ಲದಿದ್ದರೆ, ಕೈಗೆ ಗಾಯವಾಗಿದ್ದರೆ, ನೀರು ಅಥವಾ ಧೂಳು ಆಗದಿದ್ದರೆ ತಿಳಿಸಿ, ಆ ವಾರ ಜೊತೆಗೊಬ್ಬರನ್ನು ಕೊಡುತ್ತೇನೆ.

ಸೆಪ್ಟೆಂಬರ್ 7, ಸೋಮವಾರ ಹೊಸದಾಗಿ ಚೀಟಿ ಎತ್ತುತ್ತೇವೆ. ಅಷ್ಟರಲ್ಲಿ 13ನೇ ಕೆಲಸ ಏನಾದರೂ ಬೇಕು ಅನ್ನಿಸಿದರೆ ಪಟ್ಟಿಯ ಕೆಳಗಿನ ಬಿಳಿ ಜಾಗದಲ್ಲಿ ಚಿತ್ರ ಬರೆದು ತೋರಿಸಿ.

ನಿಮ್ಮ ಮಿಸ್