ಕಂಪನಿ ಬಿಟ್ಟರೂ ಪಿ.ಎಫ್. ಬಿಡಿಸಬೇಡಿ

ಮ್ಯಾನೇಜರ್ ಸಾಹೇಬ್ರೇ, ಯೂನಿಯನ್ ಗೆಳೆಯರೇ, ಮೆಷಿನ್ ಶಾಪಿನ ನನ್ನ ಹುಡುಗರೇ, ಹುಡುಗಿಯರೇ,

ಹಾರ, ಶಾಲು ಎಲ್ಲಾ ಆಯ್ತು. ತುಂಬಾ ಸಂತೋಷ. ಪೀಣ್ಯದ ಈ ಶೆಡ್ಡಿನಲ್ಲಿ 22 ವರ್ಷ ನಿಮ್ಮ ಜೊತೆ ಊಟ ಮಾಡಿದ್ದೇನೆ. ಆ ಸಲುಗೆಯಿಂದ ದುಡ್ಡಿನ ಮಾತು ಆಡುತ್ತೇನೆ.

ಇಲ್ಲಿಗೆ ಬರುವ ಮುಂಚೆ ಬೇರೆ ಕಡೆ 7 ವರ್ಷ ದುಡಿದಿದ್ದೆ. ಬಿಟ್ಟಾಗ ಪಿ.ಎಫ್. ಬಿಡಿಸಿದೆ, 48 ಸಾವಿರ ಬಂತು. ಪೆನ್ಷನ್ ಹಣವನ್ನೂ 10ಸಿ ಫಾರಂ ಕೊಟ್ಟು ತೆಗೆದುಕೊಂಡೆ. ಊರಲ್ಲಿ ಬೋರ್ ಕೊರೆಸಿದೆ. 650 ಅಡಿಗೂ ಬರೀ ಧೂಳು. ಆ 48 ಸಾವಿರ ಹಾಗೇ ಇದ್ದಿದ್ದರೆ ಇವತ್ತಿಗೆ ಎರಡೂವರೆ ಲಕ್ಷ ದಾಟುತ್ತಿತ್ತು. ಅದಕ್ಕಿಂತ ಹೊಟ್ಟೆ ಉರಿಯುವುದು ಪೆನ್ಷನ್ ಲೆಕ್ಕದಿಂದ ಆ 7 ವರ್ಷ ಅಳಿಸಿಹೋಯಿತಲ್ಲ, ಅದಕ್ಕೆ.

ನೀವು ಎರಡು ವರ್ಷಕ್ಕೊಂದು ಕಂಪನಿ ಬದಲಾಯಿಸುತ್ತೀರಿ. ಬದಲಾಯಿಸಿ, ತಪ್ಪಿಲ್ಲ. ಆದರೆ ಯು.ಎ.ಎನ್. ಒಂದೇ ಇರಲಿ, ಹಳೆಯದನ್ನು ಟ್ರಾನ್ಸ್‌ಫರ್ ಮಾಡಿಸಿ. 10 ವರ್ಷ ಸರ್ವೀಸ್ ಆದರೆ ಮಾತ್ರ 58ಕ್ಕೆ ತಿಂಗಳ ಪೆನ್ಷನ್.

ಆ ಪೆನ್ಷನ್ ಎಷ್ಟು ಅಂತ ಗೊತ್ತಾ? ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಈಗಿನ ಮಿತಿ 15,000 ರೂಪಾಯಿ. ಅದನ್ನು ಸರ್ವೀಸಿನಿಂದ ಗುಣಿಸಿ 70ರಿಂದ ಭಾಗಿಸಬೇಕು. 20 ವರ್ಷ ದಾಟಿದವರಿಗೆ 2 ವರ್ಷ ಸೇರಿಸಿ ಕೊಡುತ್ತಾರೆ. 33 ವರ್ಷ ದುಡಿದರೂ 7,500. ಮನೆ ಬಾಡಿಗೆಗೂ ಸಾಲಲ್ಲ, ಅಲ್ವಾ? ಅದಕ್ಕೇ ಪಿ.ಎಫ್. ಮುಟ್ಟಬೇಡಿ ಅನ್ನುವುದು. ಈಗಿನ 8.25 ಬಡ್ಡಿಯೇ ಸಿಗುತ್ತಾ ಹೋದರೆ 25ನೇ ವಯಸ್ಸಿನ 1 ಲಕ್ಷ 55ಕ್ಕೆ 10 ಲಕ್ಷ ದಾಟುತ್ತದೆ. 45ರಲ್ಲಿ ಶುರು ಮಾಡಿದವನಿಗೆ ಆ ಕಾಲ ಎಲ್ಲಿಂದ ಬರಬೇಕು? ಕೈಲಾದರೆ ವಿ.ಪಿ.ಎಫ್. ಅಂತ 500 ರೂಪಾಯಿಯಾದರೂ ಜಾಸ್ತಿ ಹಿಡಿಸಿ.

ಗ್ರಾಚ್ಯುಟಿ ಲೆಕ್ಕ ಸುಲಭ. ಕೊನೆಯ ಬೇಸಿಕ್, ಡಿ.ಎ. ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ. ಒಂದು ವರ್ಷಕ್ಕೆ ಅಷ್ಟು. ಪರ್ಮನೆಂಟ್ ಆದವರು ನಾಲ್ಕು ವರ್ಷಕ್ಕೇ ರಾಜೀನಾಮೆ ಬರೆಯುವ ಮುಂಚೆ ಸ್ವಲ್ಪ ಯೋಚಿಸಿ. 5 ವರ್ಷ ಆಗಲಿ.

ಇನ್ನೊಂದು. ನನ್ನ ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಪಿ.ಎಫ್.ನಲ್ಲಿ ಬರೀ ಇನಿಷಿಯಲ್. ಅದನ್ನು ಸರಿ ಮಾಡಿಸಲು ನಾಲ್ಕು ತಿಂಗಳು ಓಡಾಡಿದೆ. ನಿಮ್ಮದನ್ನು ಈಗಲೇ ನೋಡಿಕೊಳ್ಳಿ. ಮದುವೆಯಾದವರು ನಾಮಿನೇಷನ್ ಹೊಸದಾಗಿ ಮಾಡಿ. ಹೋದ ಸಲ ಕೇಳಿದಾಗ ನಮ್ಮ ಸೆಕ್ಷನ್‌ನಲ್ಲಿ ಮೂರೇ ಜನ ಮಾಡಿದ್ದರು. ಮನೆಯವರು ನಾಳೆ ಅಲೆಯಬಾರದು ಕಣ್ರಪ್ಪಾ.

ಮುಂದಿನ ಶನಿವಾರ ಎರಡನೇ ಶಿಫ್ಟ್ ಮುಗಿಯುವ ಹೊತ್ತಿಗೆ ಕ್ಯಾಂಟೀನಿಗೆ ಬರುತ್ತೇನೆ. ಆಧಾರ್, ಪಾಸ್‌ಬುಕ್, ಮೊಬೈಲ್ ತನ್ನಿ. ಒಬ್ಬೊಬ್ಬರದೇ ಕೂತು ನೋಡೋಣ.